ಮಹೇಂದ್ರ ಮತ್ತು ಸ್ತ್ರೀದೀರ್ಘ: ಎರಡು ಕೂಟಗಳ ಎಣಿಕೆ, ಮಾತು ಮತ್ತು ಮಿತಿ

‘ಹತ್ತರಲ್ಲಿ ಏಳು ಕೂಟ ಬಂದಿದೆ, ಆದರೆ ಮಹೇಂದ್ರ ಇಲ್ಲ, ಸ್ತ್ರೀದೀರ್ಘವೂ ಇಲ್ಲ.’ ಮದುವೆಯ ಮಾತುಕತೆಯಲ್ಲಿ ಈ ಒಂದು ವಾಕ್ಯ ಬಂದರೆ ಸಾಕು, ಹೆಣ್ಣು ಹೆತ್ತವರ ಮುಖ ಸಣ್ಣದಾಗುತ್ತದೆ. ವಶ್ಯವೋ ರಾಶ್ಯಧಿಪತಿಯೋ ಇಲ್ಲವೆಂದರೆ ಅಷ್ಟು ಕಳವಳವಾಗುವುದಿಲ್ಲ. ಈ ಎರಡರ ವಿಷಯ ಬೇರೆ. ಮಹೇಂದ್ರ ಕೂಟ ಮಕ್ಕಳ ಭಾಗ್ಯವನ್ನು ಹೇಳುತ್ತದೆ, ಸ್ತ್ರೀದೀರ್ಘ ಹೆಂಡತಿಯ ಸುಖ, ಆರೋಗ್ಯ, ಸೌಮಂಗಲ್ಯವನ್ನು ಹೇಳುತ್ತದೆ ಎಂದು ಎಲ್ಲರೂ ಕೇಳಿರುತ್ತಾರೆ. ಮಗಳ ಆರೋಗ್ಯ ಮತ್ತು ಅವಳ ಮಡಿಲು, ಎರಡರ ಮೇಲೂ ಪ್ರಶ್ನೆ ಎದ್ದಾಗ ಯಾವ ತಾಯಿ ತಂದೆ ತಾನೇ ನಿಶ್ಚಿಂತರಾಗಿ ಕೂತಾರು? ಹಾಗಾಗಿಯೇ ಈ ಎರಡು ಕೂಟಗಳನ್ನು ಹೇಗೆ ಎಣಿಸುತ್ತಾರೆ, ಅವುಗಳ ಹೆಸರಿನಲ್ಲಿ ಏನು ಹೇಳುತ್ತಾರೆ, ಅದೇ ಶಾಸ್ತ್ರದ ಒಳಗೇ ಆ ಮಾತಿಗೆ ಎಷ್ಟು ತೂಕವಿದೆ ಎನ್ನುವುದನ್ನು ಬಿಡಿಸಿ ನೋಡುವುದು ಅಗತ್ಯ.

ಮೊದಲಿಗೆ ಇವು ಎಲ್ಲಿಯವು ಎಂಬುದು. ತಮಿಳುನಾಡಿನಲ್ಲಿ ಪತ್ತು ಪೊರುತ್ತಂ ಎಂದೂ ನಮ್ಮ ಹಳೆಯ ಮೈಸೂರು ಭಾಗದಲ್ಲಿ ದಶಕೂಟ ಎಂದೂ ಕರೆಯುವ ಪದ್ಧತಿಯಲ್ಲಿ ದಿನ, ಗಣ, ಮಹೇಂದ್ರ, ಸ್ತ್ರೀದೀರ್ಘ, ಯೋನಿ, ರಾಶಿ, ರಾಶ್ಯಧಿಪತಿ, ವಶ್ಯ, ರಜ್ಜು, ವೇಧೆ ಎಂಬ ಹತ್ತು ಕೂಟಗಳಿವೆ. ಕೇರಳದವರೂ ಸ್ವಲ್ಪ ವ್ಯತ್ಯಾಸದೊಂದಿಗೆ ಇವನ್ನೇ ನೋಡುತ್ತಾರೆ. ಉತ್ತರ ಭಾರತದ ಪದ್ಧತಿ ಅಷ್ಟಕೂಟ. ಅದರಲ್ಲಿ ಎಂಟು ಕೂಟ, ಒಟ್ಟು 36 ಗುಣ. ಆ 36ರಲ್ಲಿ ಮಹೇಂದ್ರಕ್ಕಾಗಲಿ ಸ್ತ್ರೀದೀರ್ಘಕ್ಕಾಗಲಿ ಒಂದು ಅಂಕವೂ ಇಲ್ಲ. ಅಲ್ಲಿ ಸಂತಾನದ ಹೊಣೆ ಮುಖ್ಯವಾಗಿ ನಾಡಿ ಕೂಟದ ಮೇಲೆ. ನಾಡಿಗೆ 8 ಅಂಕ, ಎಲ್ಲಕ್ಕಿಂತ ಹೆಚ್ಚು. ಇಂದು ಮೊಬೈಲಿನಲ್ಲಿ ಜಾತಕ ನೋಡುವವರಿಗೆ ‘36ಕ್ಕೆ 26’ ಎಂಬ ಉತ್ತರವೂ ‘10ಕ್ಕೆ 6’ ಎಂಬ ಉತ್ತರವೂ ಒಟ್ಟೊಟ್ಟಿಗೆ ಸಿಗುತ್ತವೆ. ಎರಡೂ ಬೇರೆ ಬೇರೆ ತಕ್ಕಡಿಗಳು ಎಂದು ತಿಳಿಯದೆ ಒಂದರ ಕೊರತೆಯನ್ನು ಇನ್ನೊಂದರಲ್ಲಿ ಹುಡುಕಿ ಗೊಂದಲಕ್ಕೆ ಬೀಳುವವರು ಬಹಳ.

ಇನ್ನು ಎಣಿಕೆ. ಎರಡಕ್ಕೂ ಬೇಕಾದದ್ದು ಹೆಣ್ಣಿನ ಮತ್ತು ಗಂಡಿನ ಜನ್ಮನಕ್ಷತ್ರ ಮಾತ್ರ. ಲಗ್ನ ಬೇಡ, ಗ್ರಹಗಳ ಸ್ಥಾನ ಬೇಡ, ಪಾದವೂ ಬೇಡ. ಅಶ್ವಿನಿಯಿಂದ ರೇವತಿಯವರೆಗೆ 27 ನಕ್ಷತ್ರಗಳನ್ನು ಸಾಲಾಗಿಟ್ಟುಕೊಂಡು, ಹೆಣ್ಣಿನ ನಕ್ಷತ್ರವನ್ನು ಒಂದು ಎಂದು ಹಿಡಿದು ಗಂಡಿನ ನಕ್ಷತ್ರದವರೆಗೆ ಎಣಿಸಬೇಕು. ರೇವತಿ ಬಂದರೆ ಮತ್ತೆ ಅಶ್ವಿನಿಗೆ ಹೋಗಬೇಕು. ತಪ್ಪಾಗುವುದು ಎರಡೇ ಕಡೆ: ಹೆಣ್ಣಿನ ನಕ್ಷತ್ರವನ್ನು ಬಿಟ್ಟು ಅದರ ಮುಂದಿನದರಿಂದ ಒಂದು ಎನ್ನುವುದು, ಇಲ್ಲವೇ ಗಂಡಿನ ನಕ್ಷತ್ರದಿಂದ ಎಣಿಕೆ ಶುರು ಮಾಡುವುದು. ಮೊದಲನೆಯ ತಪ್ಪಾದರೆ ಮಹೇಂದ್ರದ ಫಲಿತಾಂಶ ಪೂರ್ತಿ ಕೆಡುತ್ತದೆ. ಎರಡನೆಯದಾದರೆ ಸ್ತ್ರೀದೀರ್ಘ ಹೆಚ್ಚು ಕಡಿಮೆ ತಿರುಗುಮುರುಗಾಗುತ್ತದೆ. ಯಾಕೆಂದು ಮುಂದೆ ಸ್ಪಷ್ಟವಾಗುತ್ತದೆ.

ಮಹೇಂದ್ರದ ನಿಯಮ ಇದು: ಎಣಿಕೆ 4, 7, 10, 13, 16, 19, 22 ಅಥವಾ 25 ಬಂದರೆ ಕೂಟವಿದೆ. ಉಳಿದ ಯಾವ ಸಂಖ್ಯೆ ಬಂದರೂ ಇಲ್ಲ. ಇದ್ದರೆ ಸಂತಾನವೃದ್ಧಿ, ಸಂಪತ್ತು, ಆಯುಸ್ಸು. ಗಂಡನು ಹೆಂಡತಿ ಮಕ್ಕಳನ್ನು ಕಾಪಾಡಬಲ್ಲವನಾಗುತ್ತಾನೆ ಎಂದೂ ವಿವರಿಸುತ್ತಾರೆ. ಹುಡುಗಿಯದು ರೋಹಿಣಿ ಎಂದಿಟ್ಟುಕೊಳ್ಳಿ. ರೋಹಿಣಿ 1, ಮೃಗಶಿರಾ 2, ಆರ್ದ್ರಾ 3, ಪುನರ್ವಸು 4. ಹಾಗಾದರೆ ಪುನರ್ವಸು ನಕ್ಷತ್ರದ ಹುಡುಗನಿಗೆ ಮಹೇಂದ್ರ ಬರುತ್ತದೆ. ಅಲ್ಲಿಂದ ಮೂರು ಮೂರು ಮುಂದೆ ಹೋದರೆ ಮಘಾ, ಹಸ್ತಾ, ವಿಶಾಖಾ, ಮೂಲಾ, ಶ್ರವಣ, ಪೂರ್ವಾಭಾದ್ರಾ, ಕೊನೆಗೆ ಅಶ್ವಿನಿ. ಒಟ್ಟು ಎಂಟು ನಕ್ಷತ್ರ.

ಪುರೋಹಿತರು ಬೆರಳ ಗೆಣ್ಣುಗಳ ಮೇಲೆ ಹೆಬ್ಬೆರಳು ಓಡಿಸಿ ಎಣಿಸುವುದನ್ನು ನೀವು ನೋಡಿರುತ್ತೀರಿ. ಒಂದು ಬೆರಳಿಗೆ ಮೂರು ಗೆಣ್ಣು. ತೋರುಬೆರಳಿನ ಬುಡದ ಗೆಣ್ಣಿನಲ್ಲಿ ಹೆಣ್ಣಿನ ನಕ್ಷತ್ರವನ್ನಿಟ್ಟು, ಪ್ರತಿ ಬೆರಳನ್ನೂ ಬುಡದಿಂದ ತುದಿಗೆ ಎಣಿಸುತ್ತಾ ಹೋಗಿ. ನಾಲ್ಕನೆಯದು ಮಧ್ಯದ ಬೆರಳಿನ ಬುಡಕ್ಕೆ, ಏಳನೆಯದು ಉಂಗುರದ ಬೆರಳಿನ ಬುಡಕ್ಕೆ, ಹತ್ತನೆಯದು ಕಿರುಬೆರಳಿನ ಬುಡಕ್ಕೆ ಬರುತ್ತದೆ. ಹದಿಮೂರು ಮತ್ತೆ ತೋರುಬೆರಳಿನ ಬುಡಕ್ಕೆ. ಇಬ್ಬರದೂ ಒಂದೇ ನಕ್ಷತ್ರವಲ್ಲದಿದ್ದರೆ, ಗಂಡಿನ ನಕ್ಷತ್ರ ಯಾವ ಬೆರಳಿನ ಬುಡಕ್ಕೆ ಬಂದು ನಿಂತರೂ ಮಹೇಂದ್ರವಿದೆ. ನಡುಗೆಣ್ಣಿಗೋ ತುದಿಗೆಣ್ಣಿಗೋ ಬಂದರೆ ಇಲ್ಲ. ಪಟ್ಟಿ ನೆನಪಿಲ್ಲದವರಿಗೂ ಇಷ್ಟು ಸಾಕು.

ಹೀಗೆ ಎಣಿಸಿದಾಗ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ, ಇದನ್ನು ಹೇಳುವವರು ಕಡಿಮೆ. 27 ಮೂರರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಆದ್ದರಿಂದ ಮೂರು ಮೂರರ ನೆಗೆತದಲ್ಲಿ ನಕ್ಷತ್ರಚಕ್ರ ಒಂಬತ್ತೊಂಬತ್ತರ ಮೂರು ಗುಂಪುಗಳಾಗಿ ಒಡೆಯುತ್ತದೆ. ಅಶ್ವಿನಿ, ರೋಹಿಣಿ, ಪುನರ್ವಸು, ಮಘಾ, ಹಸ್ತಾ, ವಿಶಾಖಾ, ಮೂಲಾ, ಶ್ರವಣ, ಪೂರ್ವಾಭಾದ್ರಾ ಒಂದು ಗುಂಪು. ಭರಣಿಯಿಂದ ಶುರುವಾಗುವುದು ಇನ್ನೊಂದು, ಕೃತ್ತಿಕೆಯಿಂದ ಶುರುವಾಗುವುದು ಮತ್ತೊಂದು. ಮಹೇಂದ್ರ ಕೂಟ ಕೇಳುವ ಪ್ರಶ್ನೆ ಇಷ್ಟೇ: ಇಬ್ಬರ ನಕ್ಷತ್ರಗಳೂ ಒಂದೇ ಗುಂಪಿನವೇ, ಮತ್ತು ಒಂದೇ ನಕ್ಷತ್ರವಾಗಿಲ್ಲವೇ? ಹಾಗಾಗಿ ಹೆಣ್ಣಿನಿಂದ ಗಂಡಿಗೆ ಎಣಿಸಬೇಕೆಂಬ ನಿಯಮವಿದ್ದರೂ ಮಹೇಂದ್ರದಲ್ಲಿ ದಿಕ್ಕಿನಿಂದ ಏನೂ ಬದಲಾಗುವುದಿಲ್ಲ. ಹೆಣ್ಣಿನಿಂದ ಎಣಿಸಿ 4 ಬಂದರೆ ಗಂಡಿನಿಂದ ಎಣಿಸಿದಾಗ 25 ಬರುತ್ತದೆ. 7 ಬಂದರೆ 22, 10 ಬಂದರೆ 19, 13 ಬಂದರೆ 16. ಎಲ್ಲವೂ ಪಟ್ಟಿಯೊಳಗಿನ ಸಂಖ್ಯೆಗಳೇ. ಸಂತಾನದ ಪ್ರಶ್ನೆಯನ್ನು ಇದು ಹೆಣ್ಣಿನ ತಲೆಗೋ ಗಂಡಿನ ತಲೆಗೋ ಕಟ್ಟುವುದಿಲ್ಲ. ಇಬ್ಬರ ನಡುವಿನ ಸಂಬಂಧದ ಮಾತಾಗಿಯೇ ಇಡುತ್ತದೆ. ‘ಮಹೇಂದ್ರ ಇಲ್ಲದ ಹುಡುಗಿ’ ಎಂದು ಮಾತನಾಡುವವರು ಈ ಲೆಕ್ಕವನ್ನೇ ಅರ್ಥ ಮಾಡಿಕೊಂಡಿಲ್ಲ. ಹಾಗೆ ಒಬ್ಬಳು ಹುಡುಗಿ ಇರಲು ಸಾಧ್ಯವೇ ಇಲ್ಲ. ಪ್ರತಿಯೊಂದು ನಕ್ಷತ್ರಕ್ಕೂ ಮಹೇಂದ್ರ ಕೂಡಿಬರುವ ಎಂಟು ನಕ್ಷತ್ರಗಳಿವೆ, ಕೂಡಿಬಾರದ ಹತ್ತೊಂಬತ್ತಿವೆ.

ಸ್ತ್ರೀದೀರ್ಘದ ಸ್ವಭಾವ ಇದಕ್ಕೆ ತದ್ವಿರುದ್ಧ. ಇಲ್ಲಿ ದಿಕ್ಕೇ ಸರ್ವಸ್ವ. ಹೆಣ್ಣಿನ ನಕ್ಷತ್ರದಿಂದ ಗಂಡಿನ ನಕ್ಷತ್ರ ದೂರವಿದ್ದಷ್ಟೂ ಹೆಂಡತಿಗೆ ಕ್ಷೇಮ, ಐಶ್ವರ್ಯ, ದೀರ್ಘ ಸೌಮಂಗಲ್ಯ ಎನ್ನುವುದು ಇದರ ಹೇಳಿಕೆ. ಎಷ್ಟು ದೂರ ಎಂದು ಕೇಳಿದರೆ ಉತ್ತರ ಒಂದೇ ಇಲ್ಲ. ಹೆಚ್ಚಿನವರು ಎಣಿಕೆ 13 ದಾಟಿರಬೇಕು ಎನ್ನುತ್ತಾರೆ. 9 ದಾಟಿದರೆ ಸಾಕು ಎನ್ನುವವರಿದ್ದಾರೆ, 7 ದಾಟಿದರೂ ಆಯಿತು ಎನ್ನುವವರೂ ಇದ್ದಾರೆ. ಇನ್ನು ಕೆಲವರು 9ರವರೆಗೆ ಅಧಮ, 18ರವರೆಗೆ ಮಧ್ಯಮ, ಅದರಾಚೆ ಉತ್ತಮ ಎಂದು ಮೂರು ದರ್ಜೆ ಮಾಡುತ್ತಾರೆ. ಇದು ಸಣ್ಣ ವ್ಯತ್ಯಾಸವೇನಲ್ಲ. 13ರ ಗಡಿ ಹಾಕಿದರೆ 27ರಲ್ಲಿ 14 ನಕ್ಷತ್ರಗಳು ಪಾಸಾಗುತ್ತವೆ, 9ರ ಗಡಿ ಹಾಕಿದರೆ 18, 7ರ ಗಡಿ ಹಾಕಿದರೆ 20. ಒಂದೇ ಜೋಡಿಗೆ ಒಬ್ಬ ಜೋಯಿಸರು ‘ಸ್ತ್ರೀದೀರ್ಘವಿಲ್ಲ’ ಎಂದೂ ಪಕ್ಕದ ಬೀದಿಯ ಇನ್ನೊಬ್ಬರು ‘ಇದೆ’ ಎಂದೂ ಹೇಳಿದರೆ ಇಬ್ಬರಲ್ಲಿ ಒಬ್ಬರು ತಪ್ಪು ಎಣಿಸಿದ್ದಾರೆಂದು ಅರ್ಥವಲ್ಲ. ಅವರು ಹಿಡಿದಿರುವ ಗಡಿಯೇ ಬೇರೆ. ಆದ್ದರಿಂದ ‘ಇದೆಯೋ ಇಲ್ಲವೋ’ ಎಂದು ಕೇಳುವ ಬದಲು ‘ಎಣಿಕೆ ಎಷ್ಟು ಬಂತು, ನೀವು ಎಷ್ಟರ ಗಡಿ ಹಿಡಿಯುತ್ತೀರಿ’ ಎಂದು ಕೇಳುವುದು ಒಳ್ಳೆಯದು.

‘ದೂರ’ ಎಂಬ ಮಾತನ್ನೂ ಸ್ವಲ್ಪ ಹತ್ತಿರದಿಂದ ನೋಡಬೇಕು. ರೋಹಿಣಿಯ ಹುಡುಗಿಗೆ ಅತಿ ದೂರದ ನಕ್ಷತ್ರ ಯಾವುದು? ಎಣಿಸುತ್ತಾ ಹೋದರೆ 27ನೆಯದಾಗಿ ಬರುವುದು ಕೃತ್ತಿಕಾ. ಮಾಗಿಯ ರಾತ್ರಿ ತಲೆ ಎತ್ತಿ ನೋಡಿದರೆ ಕೃತ್ತಿಕೆಯ ಸಣ್ಣ ಗೊಂಚಲೂ ರೋಹಿಣಿಯ ಕೆಂಪು ಚುಕ್ಕಿಯೂ ಒಂದರ ಪಕ್ಕ ಒಂದು ಇರುತ್ತವೆ. ಆಕಾಶದಲ್ಲಿ ಅವು ನೆರೆಹೊರೆ. ಆದರೆ ಚಂದ್ರ ಸಾಗುವ ದಿಕ್ಕಿನಲ್ಲೇ ಎಣಿಸಬೇಕಾದ್ದರಿಂದ ರೋಹಿಣಿಯಿಂದ ಹೊರಟವನು ಇಡೀ ಚಕ್ರ ಸುತ್ತಿ ಕೃತ್ತಿಕೆಗೆ ಬರುತ್ತಾನೆ. ದಿನಕ್ಕೆ ಸುಮಾರು ಒಂದು ನಕ್ಷತ್ರದಂತೆ ನಡೆಯುವ ಚಂದ್ರನಿಗೆ ಅದು 26 ದಿನದ ದಾರಿ. ಈಗ ಹುಡುಗ ಹುಡುಗಿಯರನ್ನು ಅದಲುಬದಲು ಮಾಡಿ: ಕೃತ್ತಿಕಾ ನಕ್ಷತ್ರದ ಹುಡುಗಿ, ರೋಹಿಣಿ ನಕ್ಷತ್ರದ ಹುಡುಗ. ಎಣಿಕೆ 2. ಸ್ತ್ರೀದೀರ್ಘದ ಮಟ್ಟಿಗೆ ಅತ್ಯುತ್ತಮವಾಗಿದ್ದ ಜೋಡಿ ಅಧಮವಾಯಿತು. ಎರಡು ನಕ್ಷತ್ರಗಳೂ ಅವೇ, ಅವುಗಳ ನಡುವಿನ ಅಂತರವೂ ಅದೇ.

ಇನ್ನು ಎರಡನ್ನೂ ಸೇರಿಸಿ ನೋಡಿದರೆ, 13ರ ಗಡಿಯಲ್ಲಿ, ಎರಡೂ ಕೂಟ ಒಟ್ಟಿಗೆ ಬರುವುದು 16, 19, 22, 25 ಎಂಬ ನಾಲ್ಕು ಎಣಿಕೆಗಳಿಗೆ ಮಾತ್ರ. ಎರಡೂ ಇಲ್ಲದಿರುವುದು 1, 2, 3, 5, 6, 8, 9, 11, 12 ಎಂಬ ಒಂಬತ್ತಕ್ಕೆ. ಅಂದರೆ ಸುಮ್ಮನೆ ಯಾವುದೇ ಎರಡು ಜಾತಕ ತೆಗೆದರೂ ಸುಮಾರು ಮೂರಕ್ಕೆ ಒಂದು ಜೋಡಿಯಲ್ಲಿ ಈ ಎರಡೂ ಇರುವುದಿಲ್ಲ. ಲೇಖನದ ಮೊದಲಿಗೆ ಬರೆದ ಆ ಹೆದರಿಸುವ ವಾಕ್ಯ ಅಷ್ಟು ಸಾಮಾನ್ಯವಾದದ್ದು.

ಈಗ ಒಂದು ಜೋಡಿಯನ್ನು ಪೂರ್ತಿಯಾಗಿ ನೋಡೋಣ. ಹುಡುಗಿ ರೋಹಿಣಿ, ವೃಷಭ ರಾಶಿ. ಹುಡುಗ ಶ್ರವಣ, ಮಕರ ರಾಶಿ. ರೋಹಿಣಿಯಿಂದ ಶ್ರವಣಕ್ಕೆ ಎಣಿಕೆ 19. ಮಹೇಂದ್ರ ಇದೆ. 13ನ್ನು ಬಿಡಿ, 18ರ ಮೇಲ್ದರ್ಜೆಯ ಗಡಿಯನ್ನೂ ದಾಟಿರುವುದರಿಂದ ಸ್ತ್ರೀದೀರ್ಘವೂ ಉತ್ತಮವಾಗಿಯೇ ಇದೆ. ಇಲ್ಲಿಗೆ ನಿಲ್ಲಿಸಿದರೆ ಈ ದಂಪತಿಗೆ ಮಕ್ಕಳ ಭಾಗ್ಯವೂ ಹೆಂಡತಿಯ ಕ್ಷೇಮವೂ ಖಚಿತ ಎನ್ನಬೇಕು. ವೃಷಭದ ಅಧಿಪತಿ ಶುಕ್ರ, ಮಕರದ ಅಧಿಪತಿ ಶನಿ, ಇಬ್ಬರೂ ಮಿತ್ರರು. ರೋಹಿಣಿ ಮನುಷ್ಯಗಣ, ಶ್ರವಣ ದೇವಗಣ, ಅದಕ್ಕೂ ಆಕ್ಷೇಪವಿಲ್ಲ.

ಆದರೆ ಅದೇ ದಶಕೂಟದ ಪಟ್ಟಿಯಲ್ಲಿ ಸ್ವಲ್ಪ ಕೆಳಗೆ ರಜ್ಜು ಇದೆ. ರಜ್ಜುವಿನಲ್ಲಿ ನಕ್ಷತ್ರಗಳನ್ನು ಪಾದ, ಕಟಿ, ಉದರ, ಕಂಠ, ಶಿರ ಎಂದು ಐದಾಗಿ ಹಂಚುತ್ತಾರೆ. ಇಬ್ಬರೂ ಒಂದೇ ರಜ್ಜುವಿನಲ್ಲಿ ಬಂದರೆ ದೋಷ. ಶಿರೋರಜ್ಜುವಾದರೆ ಗಂಡನಿಗೆ, ಕಂಠರಜ್ಜುವಾದರೆ ಹೆಂಡತಿಗೆ, ಉದರರಜ್ಜುವಾದರೆ ಮಕ್ಕಳಿಗೆ ಅಪಾಯ ಎಂದು ಹೇಳುತ್ತಾರೆ. ರೋಹಿಣಿಯೂ ಶ್ರವಣವೂ ಕಂಠರಜ್ಜು. ಆರೋಹಣ, ಅವರೋಹಣ ಎಂದು ವಿಂಗಡಿಸಿ ರಿಯಾಯಿತಿ ಕೊಡುವವರಿದ್ದಾರೆ, ಆದರೆ ಇವೆರಡೂ ಆರೋಹಣದಲ್ಲೇ ಇವೆ. ಹೀಗೆ ಒಂದೇ ಪದ್ಧತಿಯ ಒಂದು ಕೂಟ ‘ಹೆಂಡತಿ ಸುಖವಾಗಿ ಬಾಳುತ್ತಾಳೆ’ ಎನ್ನುತ್ತದೆ, ಇನ್ನೊಂದು ಕೂಟ ‘ಹೆಂಡತಿಯ ಪ್ರಾಣಕ್ಕೆ ಕುತ್ತು’ ಎನ್ನುತ್ತದೆ. ಇದು ಈ ಜೋಡಿಗೆ ಮಾತ್ರ ಬಂದ ಅಕಸ್ಮಾತ್ತಲ್ಲ. ರಜ್ಜುವಿನ ಹಂಚಿಕೆ ಒಂಬತ್ತು ನಕ್ಷತ್ರಗಳಿಗೊಮ್ಮೆ ಅದೇ ಕ್ರಮದಲ್ಲಿ ಮರುಕಳಿಸುತ್ತದೆ. ಹಾಗಾಗಿ ಎಣಿಕೆ 10 ಅಥವಾ 19 ಬಂದಾಗಲೆಲ್ಲ, ಯಾವ ನಕ್ಷತ್ರದಿಂದ ಶುರು ಮಾಡಿದರೂ, ಮಹೇಂದ್ರ ಸಿಕ್ಕೇ ಸಿಗುತ್ತದೆ, ರಜ್ಜು ಕೆಟ್ಟೇ ಕೆಡುತ್ತದೆ. ಮಹೇಂದ್ರದ ಎಂಟು ಸಂಖ್ಯೆಗಳಲ್ಲಿ ಎರಡು ಹೀಗೆ ಹುಟ್ಟಿನಿಂದಲೇ ವಿರೋಧವನ್ನು ಹೊತ್ತುಕೊಂಡಿವೆ.

ಇದೇ ಜಾತಕಗಳನ್ನು ಅಷ್ಟಕೂಟದವರ ಮುಂದಿಟ್ಟರೆ ಮಕ್ಕಳ ವಿಷಯದಲ್ಲೂ ಮಾತು ತಿರುಗುತ್ತದೆ. ರೋಹಿಣಿ ಅಂತ್ಯನಾಡಿ, ಶ್ರವಣವೂ ಅಂತ್ಯನಾಡಿ. ಏಕನಾಡಿ ದೋಷ, ಸಂತಾನಕ್ಕೆ ತೊಂದರೆ, 8 ಅಂಕ ಪೂರ್ತಿ ಹೋಯಿತು. ವೃಷಭಕ್ಕೂ ಮಕರಕ್ಕೂ ಇರುವುದು ನವಪಂಚಮ ಸಂಬಂಧ. ಅದಕ್ಕೆ ಅವರು ಹೇಳುವ ಫಲ ಅಪತ್ಯಹಾನಿ, ಅಲ್ಲಿ 7 ಅಂಕ ಹೋಯಿತು. 36ರಲ್ಲಿ 15 ಅಂಕ ಮಕ್ಕಳ ಹೆಸರಿನಲ್ಲೇ ಕಳೆದವು. ದಕ್ಷಿಣದ ಪದ್ಧತಿಯಲ್ಲಾದರೋ ಹೆಣ್ಣಿನ ರಾಶಿಯಿಂದ ಗಂಡಿನ ರಾಶಿ ಒಂಬತ್ತನೆಯದಾಗಿ ಬರುವುದನ್ನು ಹಲವರು ಶುಭವೆಂದೇ ಎಣಿಸುತ್ತಾರೆ. ಇಬ್ಬರು ವ್ಯಕ್ತಿಗಳು, ಎರಡು ನಕ್ಷತ್ರಗಳು, ಹುಟ್ಟಬೇಕಾದ ಅದೇ ಮಕ್ಕಳು. ಒಂದು ಕಡೆ ಸಂತಾನವೃದ್ಧಿ, ಇನ್ನೊಂದು ಕಡೆ ಸಂತಾನಹಾನಿ. ಎರಡೂ ಮಾತು ಏಕಕಾಲಕ್ಕೆ ನಿಜವಾಗಲು ಸಾಧ್ಯವಿಲ್ಲ. ರಾಶ್ಯಧಿಪತಿಗಳು ಮಿತ್ರರಾದರೆ ನವಪಂಚಮದ ದೋಷವಿಲ್ಲ ಎಂಬ ಅಪವಾದವೂ ಇದೆ. ಅಪವಾದಗಳ ಈ ಜಾಲ ಎಷ್ಟು ವಿಸ್ತಾರವಾಗಿದೆಯೆಂದರೆ, ಮದುವೆ ಬೇಕೆಂದವರಿಗೆ ಬೇಕೆಂಬುದಕ್ಕೂ ಬೇಡವೆಂದವರಿಗೆ ಬೇಡವೆಂಬುದಕ್ಕೂ ಆಧಾರ ಸಿಗುತ್ತದೆ.

ಹಾಗಾದರೆ ಅನುಭವಿ ಜ್ಯೋತಿಷಿಗಳು ಏನು ಮಾಡುತ್ತಾರೆ? ಅವರು ಹತ್ತನ್ನೂ ಒಂದೇ ತೂಕದಲ್ಲಿ ತೂಗುವುದಿಲ್ಲ. ರಜ್ಜು, ವೇಧೆ, ದಿನ, ಗಣ, ರಾಶಿಗಳಿಗೆ ಮುಂದಿನ ಸಾಲು. ಮಹೇಂದ್ರ, ಸ್ತ್ರೀದೀರ್ಘಗಳಿಗೆ ಬಹುಮಟ್ಟಿಗೆ ಪೋಷಕ ಪಾತ್ರ: ಇದ್ದರೆ ಬೇರೆ ಕೊರತೆಯನ್ನು ತಗ್ಗಿಸುತ್ತವೆ, ಇಲ್ಲದಿದ್ದರೆ ತಾವಾಗಿಯೇ ಸಂಬಂಧವನ್ನು ಮುರಿಯುವಷ್ಟು ಬಲ ಅವಕ್ಕಿಲ್ಲ. ರಾಶಿ ಕೂಟವೂ ಗ್ರಹಮೈತ್ರಿಯೂ ಚೆನ್ನಾಗಿದ್ದರೆ ಸ್ತ್ರೀದೀರ್ಘದ ಕೊರತೆಯನ್ನು ಎಣಿಸಬೇಕಿಲ್ಲ ಎನ್ನುವುದು ಪ್ರಚಲಿತವಾದ ಮಾತು. ಹುಡುಗಿ ರಾಕ್ಷಸಗಣದವಳಾಗಿದ್ದು ಎಣಿಕೆ 14ನ್ನು ದಾಟಿದರೆ ಗಣದೋಷ ಹೋಗುತ್ತದೆ ಎನ್ನುವಲ್ಲಿ ಸ್ತ್ರೀದೀರ್ಘವೇ ಪರಿಹಾರವಾಗಿ ನಿಲ್ಲುತ್ತದೆ. ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಸಂತಾನವನ್ನು ಜ್ಯೋತಿಷ ಶಾಸ್ತ್ರ ನೋಡುವುದು ಇಬ್ಬರ ಜಾತಕದ ಪಂಚಮಭಾವದಿಂದ, ಅದರ ಅಧಿಪತಿಯಿಂದ, ಪುತ್ರಕಾರಕನಾದ ಗುರುವಿನಿಂದ. ಆಯುಸ್ಸನ್ನು ನೋಡಲು ಅಷ್ಟಮಭಾವವೇ ಬೇರೆಯಿದೆ. ಶಾಸ್ತ್ರವನ್ನು ನಂಬುವವರು ಅದರ ಕ್ರಮವನ್ನಾದರೂ ನಂಬಬೇಕಲ್ಲವೇ? ಲಗ್ನವನ್ನೂ ಕೇಳದ, ಒಂದೇ ಒಂದು ಗ್ರಹವನ್ನೂ ನೋಡದ ಎಣಿಕೆಯೊಂದರ ಮೇಲೆ ‘ಮಕ್ಕಳಾಗುವುದಿಲ್ಲ’ ಎಂದು ಹೇಳುವವರು ಆ ಶಾಸ್ತ್ರದ ಮಾತನ್ನೂ ಆಡುತ್ತಿಲ್ಲ. ಹಾಗೆ ಹೇಳಿ ಒಂದು ಮನೆಯ ನೆಮ್ಮದಿ ಕೆಡಿಸುವುದನ್ನು ನಾನು ಅನ್ಯಾಯವೆಂದೇ ಭಾವಿಸುತ್ತೇನೆ.

ಎಣಿಕೆ ಸರಿಯಿದ್ದರೂ ಫಲಿತಾಂಶ ಅಲುಗಾಡುವ ಇನ್ನೊಂದು ಜಾಗ ಜನ್ಮನಕ್ಷತ್ರವೇ. ಒಂದು ನಕ್ಷತ್ರದ ವಿಸ್ತಾರ 13 ಅಂಶ 20 ಕಲೆ. ಚಂದ್ರ ಅದನ್ನು ದಾಟಲು ಸುಮಾರು ಒಂದು ದಿನ ಬೇಕು. ನಕ್ಷತ್ರದ ಆರಂಭ ಎಲ್ಲಿ ಎನ್ನುವುದು ಅಯನಾಂಶವನ್ನು ಅವಲಂಬಿಸಿದೆ. ಮೇಘನಾದ ಸಹಾ ಅವರ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿ 1955ರಲ್ಲಿ ವರದಿ ಕೊಟ್ಟ ಮೇಲೆ ಲಾಹಿರಿ ಅಯನಾಂಶ ಹೆಚ್ಚು ಬಳಕೆಗೆ ಬಂತು. ಬೆಂಗಳೂರಿನ ಬಿ.ವಿ. ರಾಮನ್ ಅವರ ಅಯನಾಂಶವನ್ನು ಹಿಡಿದವರೂ ಇದ್ದಾರೆ. ಎರಡಕ್ಕೂ ಇರುವ ವ್ಯತ್ಯಾಸ ಸುಮಾರು ಒಂದೂವರೆ ಅಂಶ. ಚಂದ್ರನ ನಡಿಗೆಯಲ್ಲಿ ಅದು ಎರಡೂವರೆ ಗಂಟೆಗೂ ಸ್ವಲ್ಪ ಹೆಚ್ಚು. ಆ ಅವಧಿಯೊಳಗೆ ಹುಟ್ಟಿದವರಿಗೆ, ಅಂದರೆ ಸುಮಾರು ಒಂಬತ್ತರಲ್ಲಿ ಒಬ್ಬರಿಗೆ, ಒಂದು ಲೆಕ್ಕದಲ್ಲಿ ಒಂದು ನಕ್ಷತ್ರ, ಇನ್ನೊಂದು ಲೆಕ್ಕದಲ್ಲಿ ಮುಂದಿನ ನಕ್ಷತ್ರ. ವಾಕ್ಯ ಪಂಚಾಂಗಕ್ಕೂ ದೃಗ್ಗಣಿತ ಪಂಚಾಂಗಕ್ಕೂ ಇರುವ ಅಂತರವನ್ನು ಸೇರಿಸಿದರೆ ಗೊಂದಲ ಇನ್ನಷ್ಟು ಬೆಳೆಯುತ್ತದೆ.

ನಮ್ಮ ಶ್ರವಣದ ಹುಡುಗ ಲಾಹಿರಿ ಲೆಕ್ಕದಂತೆ ಶ್ರವಣ ಮುಗಿಯಲು ಇನ್ನು ಎರಡು ಗಂಟೆ ಇರುವಾಗ ಹುಟ್ಟಿದ್ದಾನೆ ಎಂದುಕೊಳ್ಳಿ. ರಾಮನ್ ಅವರ ಅಯನಾಂಶದಲ್ಲಿ ಅವನದು ಧನಿಷ್ಠಾ ಆಗುತ್ತದೆ. ರೋಹಿಣಿಯಿಂದ ಎಣಿಕೆ ಈಗ 20. ಮಹೇಂದ್ರ ಹೋಯಿತು. ಆದರೆ ಧನಿಷ್ಠಾ ಶಿರೋರಜ್ಜುವಿನದ್ದಾದ್ದರಿಂದ ರಜ್ಜುದೋಷವೂ ಹೋಯಿತು. ಅದು ಮಧ್ಯನಾಡಿ, ಹಾಗಾಗಿ ನಾಡಿದೋಷವೂ ಹೋಯಿತು. ಗಣ ಮಾತ್ರ ದೇವದಿಂದ ರಾಕ್ಷಸಕ್ಕೆ ಬಂತು. ಸ್ತ್ರೀದೀರ್ಘ ಕದಲಲಿಲ್ಲ, ಏಕೆಂದರೆ 19 ಆದರೇನು 20 ಆದರೇನು, ಗಡಿ ದೂರವೇ ಇದೆ. ಮಹೇಂದ್ರದ ಸೂಕ್ಷ್ಮತೆ ಇಲ್ಲಿ ಗೊತ್ತಾಗುತ್ತದೆ. ಒಂದು ನಕ್ಷತ್ರ ಆಚೀಚೆಯಾದರೆ ಅದು ಉಳಿಯುವುದೇ ಇಲ್ಲ. ಸ್ತ್ರೀದೀರ್ಘ ಗಡಿಯ ಹತ್ತಿರ ಇದ್ದಾಗ ಮಾತ್ರ ಬದಲಾಗುತ್ತದೆ. ಜನನದ ಸಮಯ ನಕ್ಷತ್ರಸಂಧಿಗೆ ಮೂರು ಗಂಟೆಯೊಳಗೆ ಇದ್ದರೆ ಯಾವ ಪಂಚಾಂಗ, ಯಾವ ಅಯನಾಂಶ ಎಂದು ಕೇಳಿಕೊಳ್ಳದೆ ಮಹೇಂದ್ರದ ಬಗ್ಗೆ ಒಂದು ಮಾತನ್ನೂ ಸ್ವೀಕರಿಸಬಾರದು. ಹೆಸರಿನ ಮೊದಲಕ್ಷರದಿಂದ ನಕ್ಷತ್ರ ಹಿಡಿದಿದ್ದರಂತೂ, ಆ ಹೆಸರು ನಿಜವಾಗಿ ಜನ್ಮನಕ್ಷತ್ರ ನೋಡಿ ಇಟ್ಟದ್ದೇ ಎಂದು ಖಚಿತವಾಗದ ಹೊರತು, ಈ ಎಣಿಕೆಗೆ ಅರ್ಥವೇ ಇಲ್ಲ.

ಹೇಳಿಕೆ ಮಕ್ಕಳ ಮತ್ತು ಹೆಂಡತಿಯ ಕುರಿತಾದ್ದರಿಂದ ಆ ಇಬ್ಬರ ಮಾತಿಗೇ ಬರುತ್ತೇನೆ. ದಕ್ಷಿಣದ ರಾಜ್ಯಗಳಲ್ಲಿ ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ರೂಢಿ ಇನ್ನೂ ಇದೆ. ರಕ್ತಸಂಬಂಧ ಹತ್ತಿರವಾದಷ್ಟೂ ಇಬ್ಬರಲ್ಲೂ ಒಂದೇ ದೋಷಯುಕ್ತ ಜೀನ್ ಅಡಗಿರುವ ಸಂಭವ ಹೆಚ್ಚು. ಮಾವ ಸೊಸೆಯರ ನಕ್ಷತ್ರಗಳಿಗೆ ಮಹೇಂದ್ರವಿದ್ದರೂ ಆ ಸಂಭವ ಕಡಿಮೆಯಾಗುವುದಿಲ್ಲ. ಥಲಸ್ಸೀಮಿಯಾ ವಾಹಕರಿಗೆ ಸಾಮಾನ್ಯವಾಗಿ ಯಾವ ಕಾಯಿಲೆಯ ಲಕ್ಷಣವೂ ಇರುವುದಿಲ್ಲ. ಇಬ್ಬರೂ ವಾಹಕರಾಗಿದ್ದರೆ ಪ್ರತಿಯೊಂದು ಬಸಿರಿನಲ್ಲೂ ಮಗುವಿಗೆ ತೀವ್ರ ರೂಪದ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ಮದುವೆಗೆ ಮುಂಚೆ ಒಂದು ರಕ್ತಪರೀಕ್ಷೆಯಲ್ಲಿ ಇದು ತಿಳಿಯುತ್ತದೆ. ಹೆಂಡತಿಯ ರಕ್ತ ಆರ್‌ಎಚ್ ನೆಗೆಟಿವ್, ಗಂಡನದು ಪಾಸಿಟಿವ್ ಆಗಿದ್ದರೆ ಎರಡನೆಯ ಮಗುವಿಗೆ ಅಪಾಯವಾಗದಂತೆ ಬಸಿರಿನ 28ನೇ ವಾರದ ಹೊತ್ತಿಗೆ ಮತ್ತು ಮಗುವಿನ ರಕ್ತ ಪಾಸಿಟಿವ್ ಎಂದಾದರೆ ಹೆರಿಗೆಯಾದ 72 ಗಂಟೆಯೊಳಗೆ ಆಂಟಿ-ಡಿ ಚುಚ್ಚುಮದ್ದು ಕೊಡುತ್ತಾರೆ. ಇದೂ ಇಬ್ಬರ ನಡುವಿನ ಹೊಂದಾಣಿಕೆಯ ಪ್ರಶ್ನೆಯೇ. ನಕ್ಷತ್ರ ಕೇಳುವಾಗಲೇ ರಕ್ತದ ಗುಂಪನ್ನೂ ಕೇಳಿದರೆ ಯಾರ ಮರ್ಯಾದೆಯೂ ಹೋಗುವುದಿಲ್ಲ.

ಹೆಂಡತಿಯ ಕ್ಷೇಮದ ವಿಷಯವಾಗಿ, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಹೆರಿಗೆಯ ಸಮಯದಲ್ಲಿ ರಕ್ತಸ್ರಾವವಾದಾಗ ಮೊದಲೇ ರಕ್ತಹೀನತೆ ಇದ್ದವಳ ಸ್ಥಿತಿ ಬೇಗ ಬಿಗಡಾಯಿಸುತ್ತದೆ. ಎಣಿಕೆ 27 ಬಂದ ಹುಡುಗಿಯೂ ಈ ಶೇ 57ರೊಳಗೆ ಇರಬಹುದು. ಅವಳ ಕ್ಷೇಮ ನಿಜವಾಗಿ ನಿಂತಿರುವುದು ಗಂಡನ ಮನೆಯಲ್ಲಿ ಅವಳಿಗೆ ಎಷ್ಟು ಹೊತ್ತಿಗೆ ಎಂಥ ಊಟ ಸಿಗುತ್ತದೆ, ಮೊದಲ ಬಸಿರು ಯಾವ ವಯಸ್ಸಿನಲ್ಲಿ, ಎರಡನೆಯದಕ್ಕೆ ಎಷ್ಟು ಅಂತರ, ಮೈ ಸರಿಯಿಲ್ಲವೆಂದಾಗ ಆಸ್ಪತ್ರೆಗೆ ಕರೆದೊಯ್ಯುವವರು ಇದ್ದಾರೆಯೇ, ಅವಳ ದುಡಿಮೆಯ ಹಣ ಅವಳ ಕೈಯಲ್ಲಿರುತ್ತದೆಯೇ ಎಂಬುದರ ಮೇಲೆ. ಇವನ್ನು ವಿಚಾರಿಸಿ ತಿಳಿಯಬಹುದು. ಹುಡುಗನ ಮನೆಯಲ್ಲಿ ಈಗಾಗಲೇ ಸೊಸೆಯೊಬ್ಬಳಿದ್ದರೆ, ಯಾರೂ ಹತ್ತಿರವಿಲ್ಲದಾಗ ಅವಳೊಂದಿಗೆ ಹತ್ತು ನಿಮಿಷ ಮಾತನಾಡಿ.

ಮಕ್ಕಳಾಗದಿದ್ದಾಗ ಆಗುವುದನ್ನೂ ಹೇಳಲೇಬೇಕು. ಒಂದು ವರ್ಷ ಪ್ರಯತ್ನಿಸಿದರೂ ಬಸಿರು ನಿಲ್ಲದಿದ್ದರೆ ಇಬ್ಬರೂ ಪರೀಕ್ಷೆ ಮಾಡಿಸಿಕೊಳ್ಳಬೇಕು ಎಂದು ವೈದ್ಯರು ಹೇಳುತ್ತಾರೆ. ಹೆಣ್ಣಿಗೆ 35 ದಾಟಿದ್ದರೆ ಆರು ತಿಂಗಳಿಗೇ. ಕಾರಣ ಗಂಡಿನಲ್ಲಿರುವುದು ಅಪರೂಪವಲ್ಲ, ಮತ್ತು ವೀರ್ಯ ಪರೀಕ್ಷೆ ಎಲ್ಲಕ್ಕಿಂತ ಸುಲಭವಾದ ಮೊದಲ ಪರೀಕ್ಷೆ. ಆದರೂ ಬಹಳಷ್ಟು ಮನೆಗಳಲ್ಲಿ ಆ ಹೊತ್ತಿಗೆ ಹಳೆಯ ಚೀಟಿ ಹೊರಬರುತ್ತದೆ, ‘ಆಗಲೇ ಹೇಳಿದ್ದರು, ಮಹೇಂದ್ರ ಇರಲಿಲ್ಲ’ ಎಂಬ ಮಾತು ಸೊಸೆಯ ಕಿವಿಗೆ ಬೀಳುತ್ತದೆ, ಪರೀಕ್ಷೆಯ ಬದಲು ಶಾಂತಿ ಹೋಮಗಳಲ್ಲಿ ಎರಡು ಮೂರು ವರ್ಷ ಕಳೆದುಹೋಗುತ್ತವೆ. ವಯಸ್ಸಿನೊಂದಿಗೆ ಚಿಕಿತ್ಸೆ ಫಲಿಸುವ ಸಂಭವ ಇಳಿಯುವುದರಿಂದ ಆ ವರ್ಷಗಳು ತುಂಬ ದುಬಾರಿ. ಮಹೇಂದ್ರದ ಎಣಿಕೆ ಗಂಡಿನಿಂದ ಮಾಡಿದರೂ ಹೆಣ್ಣಿನಿಂದ ಮಾಡಿದರೂ ಒಂದೇ ಉತ್ತರ ಕೊಡುತ್ತದೆ ಎಂದು ಮೇಲೆ ನೋಡಿದೆವು. ಅದನ್ನು ನಂಬುವ ಮನೆಯಲ್ಲೂ ಅದರ ಹೆಸರಿನಲ್ಲಿ ಸೊಸೆಯೊಬ್ಬಳನ್ನೇ ದೂರಲು ಆಧಾರವಿಲ್ಲ. ಹೋಮ ಮಾಡಿಸುವವರು ಮಾಡಿಸಲಿ, ಆದರೆ ಅದೇ ವಾರ ಗಂಡ ಹೆಂಡತಿ ಇಬ್ಬರೂ ವೈದ್ಯರ ಬಳಿ ಹೋಗಿ ಬರಲಿ.